ಹಿನ್ನೆಲೆ ಹೊಸದು, ಪ್ರತಿಬಿಂಬ ಹಳೆಯದು: ಕನ್ನಡಕ, ನೀರು, ಕನ್ನಡಿಯಲ್ಲಿ ಕಾಣುವ ದೋಷ ಪತ್ತೆ ಮಾಡುವುದು ಹೇಗೆ?

ಸ್ಟುಡಿಯೋದಲ್ಲಿ ತೆಗೆದ ಒಬ್ಬರ ಫೋಟೋ ಇದೆ. ಅವರನ್ನು ಕತ್ತರಿಸಿ ಕೆರೆಯ ದಡದಲ್ಲಿ ನಿಲ್ಲಿಸಿದ್ದೀರಿ. ಕೂದಲಿನ ಅಂಚು ನೀಟಾಗಿದೆ, ಬಣ್ಣ ಹೊಂದಿದೆ, ನೆರಳೂ ಸರಿಯಾದ ಕಡೆಗೇ ಬಿದ್ದಿದೆ. ಆದರೂ ನೋಡಿದವರು "ಏನೋ ಅಂಟಿಸಿದ ಹಾಗಿದೆ" ಅನ್ನುತ್ತಾರೆ. ಏನು ಅಂತ ಕೇಳಿದರೆ ಅವರಿಗೂ ಹೇಳೋಕೆ ಬರುವುದಿಲ್ಲ. ಇಂಥ ಕಡೆ ನಾನು ಮೊದಲು ಅನುಮಾನ ಪಡುವುದು ಹೊಳೆಯುವ ಜಾಗಗಳನ್ನೇ.

ಏನನ್ನೂ ತಿದ್ದುವ ಮೊದಲು ದೋಷ ಎಲ್ಲಿದೆ ಅಂತ ಗೊತ್ತುಮಾಡಿಕೊಳ್ಳಿ. ನೀರಿನ ಭಾಗದ ಮೇಲೆ ಒಂದು ಕಪ್ಪು ಪಟ್ಟಿ ಎಳೆದು ಚಿತ್ರ ನೋಡಿ. ಆಗ ನಂಬಿಕೆ ಬಂತಾ? ಹಾಗಿದ್ದರೆ ತಪ್ಪು ನೀರಿನಲ್ಲಿದೆ. ಬರಲಿಲ್ಲ ಅಂದರೆ ಆ ಪಟ್ಟಿ ತೆಗೆದು ಕಣ್ಣಿನ ಭಾಗವನ್ನು ಮುಚ್ಚಿ ನೋಡಿ. ಎರಡನ್ನೂ ಮುಚ್ಚಿದ ಮೇಲೂ ಅನುಮಾನ ಹೋಗದಿದ್ದರೆ ನಿಮ್ಮ ತೊಂದರೆ ಬೆಳಕಿನ ದಿಕ್ಕಿನದ್ದೋ ಅಂಚಿನದ್ದೋ ಇರಬೇಕು. ಅದಕ್ಕೆ ಇಲ್ಲಿ ಔಷಧ ಇಲ್ಲ.

ಮುಂದೆ ಬರುವುದೆಲ್ಲ ಒಂದೇ ಪ್ರಶ್ನೆಯ ಸುತ್ತ ಇದೆ: ಹೊಳೆಯುವ ಮೇಲ್ಮೈಯ ಆಚೆ ಬದಿಯಲ್ಲಿ, ಅಷ್ಟೇ ದೂರದಲ್ಲಿ, ಇನ್ನೊಂದು ಕ್ಯಾಮೆರಾ ಇದ್ದಿದ್ದರೆ ಅದಕ್ಕೆ ಏನು ಕಾಣುತ್ತಿತ್ತು? ನೀರಿಗಿಂತ 1.6 ಮೀಟರ್ ಮೇಲೆ ನಿಮ್ಮ ಕ್ಯಾಮೆರಾ ಇದ್ದರೆ, ನೀರಿಗಿಂತ 1.6 ಮೀಟರ್ ಕೆಳಗೆ ಅದರ ಜೋಡಿ ಇದೆ ಅಂದುಕೊಳ್ಳಿ. ನೀರಲ್ಲಿ ಕಾಣುವ ಚಿತ್ರ ಆ ಜೋಡಿ ತೆಗೆದದ್ದು. ಇದಕ್ಕೆ "ಆಚೆ ಕ್ಯಾಮೆರಾ" ಅಂತ ಹೆಸರಿಡೋಣ.

## ಕನ್ನಡಕದಲ್ಲಿ ಬಿಳಿ ಚೌಕ, ಇಲ್ಲವೇ ಇರಬಾರದ ಕೆರೆ

ಸುಲಭವಾಗಿ ಸಿಕ್ಕಿಬೀಳುವ ದೋಷ ಇದು. ಬಯಲಲ್ಲಿ ನಿಂತವರ ಕನ್ನಡಕದಲ್ಲಿ ಸಾಫ್ಟ್‌ಬಾಕ್ಸಿನ ಬಿಳಿ ಚೌಕ ಕೂತಿರುತ್ತದೆ. ಅದನ್ನು ಅಳಿಸಬೇಕು ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ಅಳಿಸಿದ ಮೇಲೆ ಏನು ಹಾಕಬೇಕು ಅನ್ನುವಲ್ಲಿ ಎಡವುವವರೇ ಜಾಸ್ತಿ. ಹೊಸ ಹಿನ್ನೆಲೆ ಕೆರೆ ತಾನೇ ಅಂತ, ಅದೇ ಕೆರೆಯನ್ನು ಚಿಕ್ಕದು ಮಾಡಿ ಗಾಜಿನ ಮೇಲೆ ತೇಲಿಬಿಡುತ್ತಾರೆ.

ಅದು ಆಗದ ಮಾತು. ಕೆರೆ ಇರುವುದು ಅವರ ಬೆನ್ನ ಹಿಂದೆ. ಗಾಜಿನ ಮುಂಭಾಗಕ್ಕೆ ಕಾಣುವುದು ಕ್ಯಾಮೆರಾ ಇರುವ ಕಡೆ, ಅಂದರೆ ನಿಮ್ಮ ಚಿತ್ರದಲ್ಲಿ ಎಲ್ಲೂ ಇಲ್ಲದ ಕಡೆ. ಹಾಗಾಗಿ ಹಿನ್ನೆಲೆಯ ಫೋಟೋ ತೆಗೆಯಲು ಹೋದಾಗ ಇನ್ನೊಂದು ಕ್ಲಿಕ್ ಮಾಡಿಕೊಂಡು ಬನ್ನಿ: ವ್ಯಕ್ತಿ ನಿಲ್ಲಬೇಕಾದ ಜಾಗದಲ್ಲಿ ನಿಂತು ಕ್ಯಾಮೆರಾ ಇದ್ದ ದಿಕ್ಕಿಗೆ ತಿರುಗಿ ತೆಗೆದ ಒಂದು ಅಗಲವಾದ ಫೋಟೋ. ಕನ್ನಡಕಕ್ಕೆ ಬೇಕಾದದ್ದು ಅದೇ. ಆ ಫೋಟೋ ಇಲ್ಲದಿದ್ದರೂ ಬಯಲಿನ ಚಿತ್ರಕ್ಕೆ ಒಂದು ಸರಳ ಉಪಾಯ ಸಾಕಾಗುತ್ತದೆ. ಗಾಜಿನ ಮೇಲ್ಭಾಗದಲ್ಲಿ ಆಕಾಶದ ತೆಳು ಬೆಳಕು, ಅದರ ಕೆಳಗೆ ಮಬ್ಬಾದ ದಿಗಂತ, ಇನ್ನೂ ಕೆಳಗೆ ನೆಲದ ಕಪ್ಪು. ಗಾಜಿನ ಮುಂಭಾಗ ಹೊರಕ್ಕೆ ಉಬ್ಬಿರುವುದರಿಂದ ಎಲ್ಲವೂ ಕುಗ್ಗಿ, ಅಂಚಿನ ಕಡೆ ಬಾಗಿ ಕಾಣಬೇಕು.

ಎಷ್ಟು ಗಾಢವಾಗಿ ಹಾಕಬೇಕು? ಲೇಪನ ಇಲ್ಲದ ಸಾಮಾನ್ಯ ಗಾಜು ಒಂದೊಂದು ಮೈಯಿಂದ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಎರಡೂ ಮೈ ಸೇರಿ ಶೇ. 8. ಪ್ರತಿಫಲನ ತಡೆಯುವ ಲೇಪನ ಇದ್ದರೆ ಇದು ತುಂಬಾ ಕಡಿಮೆಯಾಗುತ್ತದೆ, ಉಳಿದದ್ದಕ್ಕೆ ಹಸಿರು ಅಥವಾ ನೇರಳೆ ಛಾಯೆ ಬರುತ್ತದೆ.

ಈ ಹಸಿರು ಛಾಯೆಯಿಂದಲೇ ಒಂದು ಗೊಂದಲ ಹುಟ್ಟುತ್ತದೆ. ಗ್ರೀನ್ ಸ್ಕ್ರೀನ್ ಮುಂದೆ ತೆಗೆದ ಫೋಟೋದಲ್ಲಿ ಕನ್ನಡಕ ಹಸಿರಾಗಿ ಕಂಡರೆ ಅದು ಪರದೆಯ ಹಸಿರೋ ಲೇಪನದ ಹಸಿರೋ? ಚಿತ್ರ ದೊಡ್ಡದು ಮಾಡಿ ನೋಡಿ. ಹಸಿರು ಒಂದು ದೀಪದ ಆಕಾರದಲ್ಲಿ, ಚೌಕವಾಗಿಯೋ ದುಂಡಗೋ, ಗಾಜಿನ ಮಧ್ಯದಲ್ಲಿದ್ದರೆ ಅದು ಲೇಪನದ ಬಣ್ಣ. ದೀಪದ ಆಕಾರವನ್ನು ಅಳಿಸಿದರೆ ಬಣ್ಣವೂ ಹೋಗುತ್ತದೆ. ಹೊಸ ಆಕಾಶದ ಬೆಳಕು ಹಾಕುವಾಗ ಅದೇ ಛಾಯೆಯನ್ನು ಸ್ವಲ್ಪ ಉಳಿಸಿಕೊಳ್ಳಿ, ನಿಜ ಅನ್ನಿಸುತ್ತದೆ. ಬದಲಿಗೆ ಹಸಿರು ಗಾಜಿನ ಹೊರ ಅಂಚಿಗೆ, ಕೆನ್ನೆಯ ಗೆರೆಯ ಪಕ್ಕದಲ್ಲಿ ಒಂದು ಸಣ್ಣ ತುಂಡಾಗಿ ನಿಂತಿದ್ದರೆ ಅದು ಪ್ರತಿಬಿಂಬವೇ ಅಲ್ಲ. ಗಾಜಿನ ಮೂಲಕ ಹಿಂದಿನ ಪರದೆ ಕಾಣುತ್ತಿದೆ.

ಮೈನಸ್ ಪವರ್ ಇರುವವರಲ್ಲಿ ಇದು ಚೆನ್ನಾಗಿ ಎದ್ದು ಕಾಣುತ್ತದೆ. ಅಂಥ ಗಾಜು ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುವುದರಿಂದ ಮುಖದ ಗೆರೆ ಗಾಜಿನೊಳಗೆ ಬಂದ ಕೂಡಲೇ ಒಳಕ್ಕೆ ಜರುಗುತ್ತದೆ. ಆ ಸಂದಿಯಲ್ಲಿ ಪರದೆ ಇಣುಕುತ್ತದೆ. ಇದನ್ನು ಬೇರೆ ಮಾಸ್ಕ್ ಹಾಕಿ ತೆಗೆದು, ಹೊಸ ಹಿನ್ನೆಲೆಯನ್ನು ಅಲ್ಲಿ ತುಸು ಕುಗ್ಗಿಸಿ ತುಂಬಬೇಕು. ಸುಮ್ನೆ ತೂತು ಮಾಡಿ ಬಿಟ್ಟರೆ ಹಿಂದಿನ ಮರದ ಕೊಂಬೆ ಗಾಜಿನ ಒಳಗೂ ಹೊರಗೂ ಒಂದೇ ಗೆರೆಯಲ್ಲಿ ಹಾದುಹೋಗುತ್ತದೆ. ಪವರ್ ಇರುವ ಕನ್ನಡಕದಲ್ಲಿ ಅದು ಗಾಜಿನ ಅಂಚಿನಲ್ಲಿ ಮುರಿಯಲೇಬೇಕು.

ಎರಡೂ ಗಾಜಿಗೆ ಒಂದೇ ಪ್ರತಿಬಿಂಬ ನಕಲು ಮಾಡಬೇಡಿ. ಎರಡರ ಓರೆ ಬೇರೆ, ಹಾಗಾಗಿ ಹೊಳಪಿನ ಜಾಗವೂ ಬೇರೆ. ವಿಡಿಯೋ ಆದರೆ ಇನ್ನೊಂದು ಎಚ್ಚರ: ಗಾಜು 5 ಡಿಗ್ರಿ ತಿರುಗಿದರೆ ಅದು ತೋರಿಸುವ ದಿಕ್ಕು 10 ಡಿಗ್ರಿ ತಿರುಗುತ್ತದೆ. ಪ್ರತಿಬಿಂಬವನ್ನು ಕನ್ನಡಕದ ಫ್ರೇಮಿಗೆ ಕಟ್ಟಿಹಾಕಿದರೆ ಗಾಜಿನ ಮೇಲೆ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ.

ಸಾಫ್ಟ್‌ಬಾಕ್ಸಿನ ಬಿಳಿ ಕಣ್ಣುಪಾಪೆಯನ್ನೇ ಪೂರ್ತಿ ನುಂಗಿದ್ದರೆ ಕೆಳಗೆ ಉಳಿದದ್ದು ಏನೂ ಇರುವುದಿಲ್ಲ. ಆಗ ಕ್ಲೋನ್ ಮಾಡಿ ಗುದ್ದಾಡುವುದಕ್ಕಿಂತ ಇನ್ನೊಮ್ಮೆ ತೆಗೆಯುವುದೇ ವಾಸಿ. ದೀಪ ಮೇಲೆತ್ತಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂಚೂರು ಎತ್ತಿ ಗಾಜು ಕೆಳಮುಖವಾಗುವ ಹಾಗೆ ಮಾಡಿ. ಅದೇ ಭಂಗಿಯಲ್ಲಿ ಕನ್ನಡಕ ತೆಗೆಸಿಯೂ ಒಂದು ಫೋಟೋ ಇಟ್ಟುಕೊಂಡರೆ ಕಣ್ಣನ್ನು ಅಲ್ಲಿಂದ ತರಬಹುದು.

## ನೀರಲ್ಲಿ ಕಾಲಿಗೆ ಕಾಲು ಅಂಟಿಸಿದ ಪ್ರತಿಬಿಂಬ

ಈಗ ದೊಡ್ಡ ವಿಷಯಕ್ಕೆ ಬರೋಣ. ನೀರಿನ ದೋಷ ಬಹುಪಾಲು ಹುಟ್ಟುವುದು ಒಂದೇ ಅಭ್ಯಾಸದಿಂದ: ವ್ಯಕ್ತಿಯ ಲೇಯರ್ ನಕಲು ಮಾಡಿ, ತಲೆಕೆಳಗು ಮಾಡಿ, ಪಾದಕ್ಕೆ ಪಾದ ತಾಗಿಸಿ, ಪಾರದರ್ಶಕ ಮಾಡಿಬಿಡುವುದು. ಪಾದ ನೀರನ್ನೇ ಮುಟ್ಟಿದ್ದರೆ ಇದು ಜಾಗದ ಮಟ್ಟಿಗೆ ಸರಿ. ದಡದ ಮೇಲೆ ನಿಂತವರಿಗೆ ಸರಿಯಲ್ಲ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ಕ್ಯಾಮೆರಾ ನೀರಿಗಿಂತ 1.6 ಮೀಟರ್ ಎತ್ತರದಲ್ಲಿದೆ. ಮೇಲಕ್ಕೂ ವಾಲಿಲ್ಲ, ಕೆಳಕ್ಕೂ ವಾಲಿಲ್ಲ, ಮಟ್ಟವಾಗಿದೆ. ಫ್ರೇಮ್ ಉದ್ದಕ್ಕೆ ಹಿಡಿದದ್ದು. ಎದುರಿನ ದಡ ನೀರಿಗಿಂತ 0.3 ಮೀಟರ್ ಮೇಲಿದೆ, ಅದರ ಅಂಚು ಕ್ಯಾಮೆರಾದಿಂದ 5 ಮೀಟರ್ ದೂರದಲ್ಲಿದೆ. 1.7 ಮೀಟರ್ ಎತ್ತರದ ಮಹಿಳೆ ಅಂಚಿನಿಂದ 1 ಮೀಟರ್ ಹಿಂದೆ, ಅಂದರೆ 6 ಮೀಟರ್ ದೂರದಲ್ಲಿ ನಿಂತಿದ್ದಾರೆ. ಚಿತ್ರದಲ್ಲಿ ಅವರ ಎತ್ತರ 1700 ಪಿಕ್ಸೆಲ್. ಹಾಗಾಗಿ ಅವರಿದ್ದ ದೂರದಲ್ಲಿ 1 ಪಿಕ್ಸೆಲ್ ಅಂದರೆ 1 ಮಿಲಿಮೀಟರ್. ಲೆಕ್ಕ ಸಲೀಸಾಗಲಿ ಅಂತ ಈ ಅಳತೆ ಆರಿಸಿಕೊಂಡದ್ದು.

ಮೊದಲು ಪಾದದ ಪ್ರತಿಬಿಂಬ ಎಲ್ಲಿರಬೇಕು ನೋಡಿ. ಅವರ ಪಾದ ನೀರಿನ ಮಟ್ಟಕ್ಕಿಂತ 300 ಮಿಲಿಮೀಟರ್ ಮೇಲಿದೆ. ಪ್ರತಿಬಿಂಬದ ಪಾದ ಅಷ್ಟೇ ಕೆಳಗಿರಬೇಕು. ಅಂದರೆ ನಿಜವಾದ ಪಾದದಿಂದ 600 ಪಿಕ್ಸೆಲ್ ಕೆಳಗೆ. ತಲೆಕೆಳಗು ಮಾಡಿದ ಲೇಯರನ್ನು ಅಷ್ಟು ಕೆಳಗೆ ಎಳೆಯಿರಿ. ಎತ್ತರ ಬದಲಾಯಿಸುವ ಅಗತ್ಯವಿಲ್ಲ, ಕ್ಯಾಮೆರಾ ಮಟ್ಟವಾಗಿರುವಾಗ ಪ್ರತಿಬಿಂಬವೂ 1700 ಪಿಕ್ಸೆಲ್ಲೇ.

ಎರಡನೆಯದು, ಇಡೀ ಕಾಲು ಕಾಣುತ್ತದಾ? ಇಲ್ಲ. ಆಚೆ ಕ್ಯಾಮೆರಾ ನೀರಿಗಿಂತ 1.6 ಮೀಟರ್ ಕೆಳಗಿಂದ ಮೇಲಕ್ಕೆ ನೋಡುತ್ತಿದೆ. ಅದಕ್ಕೂ ಅವರ ಕಾಲಿಗೂ ನಡುವೆ ದಡದ ಅಂಚು ಅಡ್ಡ ಬರುತ್ತದೆ. ಆಚೆ ಕ್ಯಾಮೆರಾದಿಂದ ಅಂಚಿನ ತುದಿಗೆ ಏರಿಕೆ 5 ಮೀಟರಿಗೆ 1.9 ಮೀಟರ್. ಅದೇ ಗೆರೆಯನ್ನು 6 ಮೀಟರಿಗೆ ಮುಂದುವರಿಸಿದರೆ 2.28 ಮೀಟರ್ ಏರುತ್ತದೆ, ಅಂದರೆ ನೀರಿಗಿಂತ 0.68 ಮೀಟರ್ ಎತ್ತರ ಮುಟ್ಟುತ್ತದೆ. ಅದಕ್ಕಿಂತ ಕೆಳಗಿನದೆಲ್ಲ ದಡದ ಮರೆ. ಪಾದ 0.3 ಮೀಟರಿನಲ್ಲಿ ಇರುವುದರಿಂದ ಪಾದದಿಂದ 0.38 ಮೀಟರ್ ತನಕ, ಹೆಚ್ಚು ಕಡಿಮೆ ಮೊಣಕಾಲಿನ ಕೆಳಗಿನವರೆಗೆ, ನೀರಲ್ಲಿ ಕಾಣಬಾರದು.

ಚಿತ್ರದ ಮೇಲೆ ಇಳಿಸಿದರೆ ಹೀಗಾಗುತ್ತದೆ: ಪಾದದಿಂದ 260 ಪಿಕ್ಸೆಲ್ ಕೆಳಗೆ ದಡದ ಮೇಲಂಚು. 620ರಲ್ಲಿ ನೀರು ಶುರು. 620ರಿಂದ 980ರ ತನಕ ನೀರಲ್ಲಿ ಕಾಣುವುದು ದಡದ್ದೇ ಪ್ರತಿಬಿಂಬ. 980ರಿಂದ ಕೆಳಗೆ ಅವರ ಮೊಣಕಾಲು, ಸೊಂಟ, ಎದೆ, ಕೊನೆಗೆ 2300ರಲ್ಲಿ ನೆತ್ತಿ. ಪಾದಕ್ಕೆ ಪಾದ ತಾಗಿಸಿದ ಚಿತ್ರದಲ್ಲಿ ನೆತ್ತಿ 1700ರಲ್ಲೇ ಮುಗಿದಿರುತ್ತದೆ. 600 ಪಿಕ್ಸೆಲ್ ವ್ಯತ್ಯಾಸ ಅಂದರೆ ಕಣ್ಣಿಗೆ ಕಾಣದೆ ಇರುತ್ತದಾ!

ಅಳತೆಗಳು ಗೊತ್ತಿಲ್ಲದ ಹಿನ್ನೆಲೆ ಕೊಟ್ಟಿದ್ದರೆ ಚಿತ್ರದಲ್ಲೇ ಸುಳಿವು ಹುಡುಕಿ. ನೀರಿನ ಪಕ್ಕ ಒಂದು ಕಂಬವೋ ಗೂಟವೋ ಇದ್ದರೆ ಅದರ ತುದಿಗೂ ಅದರ ಪ್ರತಿಬಿಂಬದ ತುದಿಗೂ ನಡುಮಧ್ಯದ ಬಿಂದುವೇ ಆ ದೂರದಲ್ಲಿ ನೀರಿನ ಮಟ್ಟ. ನೀವು ನಿಲ್ಲಿಸಿದ ವ್ಯಕ್ತಿ ಆ ಕಂಬದಷ್ಟೇ ದೂರದಲ್ಲಿದ್ದರೆ ಕೆಲಸ ಮುಗಿಯಿತು. ಕ್ಯಾಮೆರಾ ವಾಲಿದ್ದರೆ ಮಾತ್ರ ಈ ನಡುಮಧ್ಯದ ಲೆಕ್ಕ ತಪ್ಪುತ್ತದೆ. ಕೆಳಕ್ಕೆ ವಾಲಿದ್ದರೆ ಲಂಬ ಗೆರೆಗಳು ಕೆಳಗೆ ಹತ್ತಿರವಾಗುತ್ತಾ ಹೋಗುತ್ತವೆ. ಹಿನ್ನೆಲೆಯ ಪರ್ಸ್ಪೆಕ್ಟಿವ್ ನೇರ ಮಾಡಿಕೊಂಡು ಕೆಲಸ ಮುಗಿಸಿ, ಕೊನೆಗೆ ಮೊದಲಿನಂತೆ ವಾಲಿಸುವುದು ಸುಲಭ.

## ಜಾಗ ಸರಿ ಇದೆ, ಮುಖ ಸರಿ ಇಲ್ಲ

ಮೇಲಿನದೆಲ್ಲ ಮಾಡಿದ ಮೇಲೂ ನಿಶ್ಚಲ ನೀರಲ್ಲಿ ಮುಖ ಮಾತ್ರ ತಪ್ಪಾಗಿ ಕಾಣಬಹುದು. ಇದೇ ಉದಾಹರಣೆಯಲ್ಲಿ ಅವರ ಗಲ್ಲ ನೀರಿಗಿಂತ ಸುಮಾರು 1.75 ಮೀಟರ್ ಮೇಲಿದೆ. ನಿಮ್ಮ ಕ್ಯಾಮೆರಾ ಅದನ್ನು ಬಹುತೇಕ ನೇರವಾಗಿ ನೋಡುತ್ತದೆ. ಆಚೆ ಕ್ಯಾಮೆರಾ 3.35 ಮೀಟರ್ ಕೆಳಗಿಂದ, 29 ಡಿಗ್ರಿ ಮೇಲಕ್ಕೆ ನೋಡುತ್ತದೆ. ಅದಕ್ಕೆ ಗಲ್ಲದ ಅಡಿ ಕಾಣಬೇಕು, ಮೂಗಿನ ಹೊಳ್ಳೆ ಕಾಣಬೇಕು, ನೆತ್ತಿಯ ಕೂದಲು ಮರೆಯಾಗಬೇಕು. ಚಿತ್ರವನ್ನು ಎಷ್ಟು ತಿರುಗಿಸಿದರೂ ಇದು ಬರುವುದಿಲ್ಲ.

ಇದು ಯಾವಾಗ ತಲೆಕೆಡಿಸಿಕೊಳ್ಳಬೇಕಾದ ವಿಷಯ? ದೂರ ಹೆಚ್ಚಿದಷ್ಟೂ ಕೋನ ಕಡಿಮೆಯಾಗುತ್ತದೆ. ಅದೇ ಮಹಿಳೆ 20 ಮೀಟರ್ ದೂರದಲ್ಲಿದ್ದರೆ ಬರೀ 9.5 ಡಿಗ್ರಿ. ನನ್ನ ಮಟ್ಟಿಗೆ 10 ಡಿಗ್ರಿಯ ಒಳಗಿದ್ದರೆ ತಲೆಕೆಳಗು ಮಾಡಿದ ನಕಲು ನಡೆಯುತ್ತದೆ. ನೀರಲ್ಲಿ ಅಲೆ ಇದ್ದರೆ ಇನ್ನೂ ಸ್ವಲ್ಪ ಹೆಚ್ಚಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. 29 ಡಿಗ್ರಿ, ಕನ್ನಡಿಯಂಥ ನೀರು, ಎರಡೂ ಸೇರಿದರೆ ಇನ್ನೊಂದು ಫೋಟೋ ಬೇಕೇ ಬೇಕು. ಅವರನ್ನು ಗಟ್ಟಿಯಾದ ವೇದಿಕೆಯ ಮೇಲೆ ನಿಲ್ಲಿಸಿ, ಪಾದಕ್ಕಿಂತ 1.9 ಮೀಟರ್ ಕೆಳಗೆ, 6 ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟು, ಮಟ್ಟವಾಗಿಯೇ ಹಿಡಿದು ತೆಗೆಯಬೇಕು. ಅದು ಆಗದಿದ್ದರೆ ಚಿತ್ರವನ್ನು ಸೊಂಟದ ಪ್ರತಿಬಿಂಬದ ಹತ್ತಿರ ಕತ್ತರಿಸಿ, ಮುಖವನ್ನು ಫ್ರೇಮಿನಿಂದ ಹೊರಗೆ ಬಿಡಿ. ಇದು ಕಳ್ಳದಾರಿ ಹೌದು, ಆದರೆ ಕೆಲಸ ಮಾಡುತ್ತದೆ.

## ದೆವ್ವದ ಹಾಗೆ ತೆಳ್ಳಗೆ ಹೊಳೆಯುವ ಪ್ರತಿಬಿಂಬ

ಲೇಯರನ್ನು ಸ್ಕ್ರೀನ್ ಮೋಡಿನಲ್ಲಿ ಹಾಕಿದಾಗ ಬರುವ ದೋಷ ಇದು. ವ್ಯಕ್ತಿ ನೀರಿಗಿಂತ ಬೆಳ್ಳಗೆ ಕಾಣುತ್ತಾರೆ, ಅವರ ಮೈಯೊಳಗಿಂದ ಆಕಾಶದ ಪ್ರತಿಬಿಂಬವೂ ಕಾಣುತ್ತಿರುತ್ತದೆ. ಅಪಾರದರ್ಶಕತೆಯನ್ನು ಎಷ್ಟು ಹಿಂದೆ ಮುಂದೆ ಮಾಡಿದರೂ ಕೂರುವುದಿಲ್ಲ.

ಕಾರಣ ಇಷ್ಟೇ: ನೀರಿನ ಒಂದು ಬಿಂದು ಏಕಕಾಲಕ್ಕೆ ಆಕಾಶವನ್ನೂ ವ್ಯಕ್ತಿಯನ್ನೂ ತೋರಿಸಲಾರದು. ಅಲ್ಲಿ ವ್ಯಕ್ತಿ ಬಂದರೆ ಆಕಾಶದ ಬೆಳಕು ಅಲ್ಲಿಂದ ಹೋಗಬೇಕು. ನಿಮ್ಮ ಹಿನ್ನೆಲೆ ಚಿತ್ರದ ನೀರಲ್ಲಿ ಆಕಾಶ ಈಗಾಗಲೇ ಸೇರಿಹೋಗಿದೆ. ಅದನ್ನು ಕಳೆದು ವ್ಯಕ್ತಿಯನ್ನು ಕೂಡಬೇಕು:

```
out = plate + R * (person - sky)
```

ಇಲ್ಲಿ `plate` ಅಂದರೆ ಹಿನ್ನೆಲೆ ಚಿತ್ರ, `person` ಅಂದರೆ ತಲೆಕೆಳಗು ಮಾಡಿದ ವ್ಯಕ್ತಿಯ ಲೇಯರ್, `sky` ಅಂದರೆ ಹಿನ್ನೆಲೆಯ ನೀರಲ್ಲಿ ಆ ಜಾಗದಲ್ಲಿ ಏನು ಪ್ರತಿಬಿಂಬಿಸುತ್ತಿತ್ತೋ ಅದು. ಆಕಾಶ ಇರಬಹುದು, ಮರ ಇರಬಹುದು. `R` ಅಂದರೆ ನೀರು ಹಿಂದಕ್ಕೆ ಕಳಿಸುವ ಬೆಳಕಿನ ಪಾಲು. ಲೆಕ್ಕ ಲೀನಿಯರ್ ಬೆಳಕಿನಲ್ಲೇ ಆಗಬೇಕು, ಇಲ್ಲದಿದ್ದರೆ ಕಪ್ಪು ಭಾಗಗಳು ಕೆಟ್ಟುಹೋಗುತ್ತವೆ.

ನಮ್ಮ ಉದಾಹರಣೆಯ ಸೊಂಟದ ಹತ್ತಿರ `R` ಸುಮಾರು 0.09. ಆಕಾಶದ ಹೊಳಪು 1 ಅಂದುಕೊಳ್ಳಿ, ನೀರಿನ ಸ್ವಂತ ಬಣ್ಣ 0.03, ವ್ಯಕ್ತಿಯ ಬಟ್ಟೆ 0.2. ಮೊದಲು ಅಲ್ಲಿ ನೀರು 0.03ಕ್ಕೆ 0.09 ಸೇರಿ 0.12 ಇತ್ತು. ವ್ಯಕ್ತಿ ಬಂದ ಮೇಲೆ 0.03ಕ್ಕೆ 0.018 ಸೇರಿ 0.048. ಅರ್ಧಕ್ಕಿಂತ ಕಡಿಮೆ! ಬೆಳಗುವ ಆಕಾಶದ ಕೆಳಗೆ ನಿಂತವರ ಪ್ರತಿಬಿಂಬ ನೀರಲ್ಲಿ ಕಪ್ಪಾದ ಆಕಾರವಾಗಿ ಬರುತ್ತದೆ, ಅದರೊಳಗೆ ನೀರಿನ ತಳ ಇಣುಕುತ್ತದೆ. ಸ್ಕ್ರೀನ್ ಮೋಡ್ ಯಾವತ್ತೂ 0.12ಕ್ಕಿಂತ ಕೆಳಗೆ ಇಳಿಸಲಾರದು. ಹಿಂದೆ ಕಪ್ಪು ಮರಗಳಿದ್ದು, ವ್ಯಕ್ತಿಯ ಮೇಲೆ ಬಿಸಿಲು ಬಿದ್ದಿದ್ದರೆ ಮಾತ್ರ ಪ್ರತಿಬಿಂಬ ಸುತ್ತಲಿನ ನೀರಿಗಿಂತ ಬೆಳ್ಳಗಾಗುತ್ತದೆ.

`R` ಎಲ್ಲ ಕಡೆ ಒಂದೇ ಅಲ್ಲ. ನೀರನ್ನು ನೇರ ಕೆಳಗೆ ನೋಡಿದರೆ ಬರೀ ಶೇ. 2 ಹಿಂದೆ ಬರುತ್ತದೆ, ಓರೆಯಾಗಿ ನೋಡಿದಷ್ಟೂ ಜಾಸ್ತಿ. ನಮ್ಮ ಚಿತ್ರದಲ್ಲಿ ಮೊಣಕಾಲು ಕಾಣಿಸಿಕೊಳ್ಳುವ ಕಡೆ ಸುಮಾರು ಶೇ. 12, ನೆತ್ತಿಯ ಹತ್ತಿರ ಶೇ. 6. ದಡದಿಂದ ನಮ್ಮ ಕಡೆಗೆ ಬರುತ್ತಾ ಪ್ರತಿಬಿಂಬ ಅರ್ಧಕ್ಕೆ ಇಳಿಯಬೇಕು. ಒಂದೇ ಅಪಾರದರ್ಶಕತೆ ಇಟ್ಟರೆ ಅದಕ್ಕೇ ಬಾಲಿಶವಾಗಿ ಕಾಣುವುದು, ಒಂದು ಗ್ರೇಡಿಯೆಂಟ್ ಹಾಕಿ. ಹಿನ್ನೆಲೆ ತೆಗೆದವರು ಪೋಲರೈಸರ್ ಹಾಕಿದ್ದರಾ ಅಂತಲೂ ಕೇಳಿ. ಹಾಕಿ ಪೂರ್ತಿ ತಿರುಗಿಸಿದ್ದರೆ ಈ ಚಿತ್ರದಲ್ಲಿ ನೆತ್ತಿಯ ಪ್ರತಿಬಿಂಬ ಬಹುತೇಕ ಮಾಯವಾಗಿರಬೇಕು. ಆಗ ಮೇಲಿನ ಅಂಕಿಗಳನ್ನು ಬಿಟ್ಟು, ಅಲ್ಲೇ ಇರುವ ಕಲ್ಲಿನ ಪ್ರತಿಬಿಂಬ ಎಷ್ಟು ಮಂಕಾಗಿದೆ ಅಂತ ಅಳೆದು ಅದನ್ನೇ ಅನುಸರಿಸಿ.

ಅಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿನ್ನೆಲೆಯಲ್ಲಿರುವ ಕಂಬದ ಪ್ರತಿಬಿಂಬ ಎಷ್ಟು ಅಲುಗಾಡಿದೆ ನೋಡಿ, ಅಷ್ಟೇ ಅಲುಗಾಡಿಸಿ. ನೀರಿಗೆ ಹತ್ತಿರದ ಭಾಗ ಸ್ಪಷ್ಟವಾಗಿ, ಎತ್ತರದ ಭಾಗ ಹೆಚ್ಚು ಚೂರಾಗಿ, ಮೇಲೆ ಕೆಳಗೆ ಎಳೆದಂತೆ ಕಾಣಬೇಕು.

## ಕನ್ನಡಿಯಲ್ಲಿ ಮುಖ ಕಾಣುತ್ತಿದೆ, ಕಾಣಬೇಕಾದದ್ದು ಬೆನ್ನು

ಕನ್ನಡಿ ವ್ಯಕ್ತಿಯ ಹಿಂದಿದ್ದು ಅವರು ನಮ್ಮನ್ನು ನೋಡುತ್ತಿದ್ದರೆ, ಕನ್ನಡಿಗೆ ಕಾಣುವುದು ಬೆನ್ನು. ಇದು ಎಲ್ಲರಿಗೂ ಗೊತ್ತು. ಆದರೆ ಕೈಯಲ್ಲಿ ಮುಂದಿನ ಫೋಟೋ ಒಂದೇ ಇದ್ದಾಗ ಅದನ್ನೇ ಎಡಬಲ ಮಾಡಿ ಹಾಕಿದ ಚಿತ್ರಗಳು ಈಗಲೂ ಬರುತ್ತಲೇ ಇವೆ. ಬೆನ್ನಿನ ಫೋಟೋ ತೆಗೆದೇ ತೀರಬೇಕು, ಆಗ ಕೇಳುವ ಪ್ರಶ್ನೆ ಎಷ್ಟು ದೂರದಿಂದ ಅನ್ನುವುದು.

ವ್ಯಕ್ತಿ ಕ್ಯಾಮೆರಾದಿಂದ 3 ಮೀಟರ್, ಕನ್ನಡಿ ಅವರಿಗಿಂತ 1 ಮೀಟರ್ ಹಿಂದೆ. ಕ್ಯಾಮೆರಾದಿಂದ ಕನ್ನಡಿಗೆ 4, ಆಚೆ ಕ್ಯಾಮೆರಾ ಕನ್ನಡಿಯಿಂದ ಇನ್ನೂ 4 ಮೀಟರ್ ಹಿಂದೆ. ಅಲ್ಲಿಂದ ಅವರ ಬೆನ್ನಿಗೆ 5 ಮೀಟರ್. ಹಾಗಾಗಿ ಬೆನ್ನಿನ ಫೋಟೋವನ್ನು 5 ಮೀಟರಿನಿಂದ, ಅದೇ ಲೆನ್ಸಿನಲ್ಲಿ ತೆಗೆದು ಎಡಬಲ ಮಾಡಿ. ಎತ್ತರ ಮುಂದಿನದರ ಶೇ. 60 ಬರುತ್ತದೆ. 3 ಮೀಟರಿನಿಂದ ತೆಗೆದು ಶೇ. 60ಕ್ಕೆ ಕುಗ್ಗಿಸಿದರೆ ಅಳತೆ ಹೊಂದಿದರೂ ಪರ್ಸ್ಪೆಕ್ಟಿವ್ ಹೊಂದುವುದಿಲ್ಲ. ಕನ್ನಡಿ ಓರೆ ಇದ್ದರೂ ವಿಧಾನ ಇದೇ, ಕ್ಯಾಮೆರಾದಿಂದ ಕನ್ನಡಿಯ ಸಮತಲಕ್ಕೆ ಲಂಬ ಗೆರೆ ಎಳೆದು ಅಷ್ಟೇ ಆಚೆ ಹೋಗಿ. ಎಡಬಲ ಸರಿಯಾ ಅಂತ ತಿಳಿಯಲು ಕೈಗಡಿಯಾರ ನೋಡಿ. ನೇರ ಚಿತ್ರದಲ್ಲಿ ಗಡಿಯಾರ ಫ್ರೇಮಿನ ಬಲಕ್ಕಿದ್ದರೆ ಎದುರಿನ ಕನ್ನಡಿಯಲ್ಲೂ ಬಲಕ್ಕೇ ಇರಬೇಕು.

ಫೋಕಸ್ ಕೂಡ ಆ ಇಡೀ ದಾರಿಯ ದೂರಕ್ಕೇ ಸೇರಿದ್ದು. ವ್ಯಕ್ತಿಯ ಮೇಲೆ 3 ಮೀಟರಿಗೆ ಫೋಕಸ್ ಮಾಡಿದ್ದರೆ ಕನ್ನಡಿಯೊಳಗಿನ ಬೆನ್ನು 5 ಮೀಟರಿನ ವಸ್ತುವಿನಷ್ಟು ಮಸುಕಾಗಬೇಕು. ಕನ್ನಡಿಯ ಚೌಕಟ್ಟಿನಷ್ಟು, ಅಂದರೆ 4 ಮೀಟರಿನಷ್ಟು ಮಸುಕು ಮಾಡಿ ಬಿಡುವುದು ಸಾಮಾನ್ಯ ತಪ್ಪು.

ವ್ಯಕ್ತಿ ಕನ್ನಡಿಯನ್ನು ಬೆರಳಿನಿಂದ ಮುಟ್ಟುತ್ತಿದ್ದರೆ ಇನ್ನೊಂದು ಸಣ್ಣ ವಿಷಯ ಬಾಕಿ ಇದೆ. ಮನೆಯ ಕನ್ನಡಿಗಳಲ್ಲಿ ಹೊಳೆಯುವ ಲೇಪನ ಗಾಜಿನ ಹಿಂಬದಿಗೆ ಇರುತ್ತದೆ. 5 ಮಿಲಿಮೀಟರ್ ದಪ್ಪದ ಗಾಜಾದರೆ ಬೆರಳಿಗೂ ಅದರ ಪ್ರತಿಬಿಂಬಕ್ಕೂ ನಡುವೆ 6ರಿಂದ 7 ಮಿಲಿಮೀಟರ್ ಸಂದಿ ಉಳಿಯುತ್ತದೆ. ಹತ್ತಿರದ ಶಾಟ್ ಆದರೆ ಆ ಸಂದಿ ಬಿಡಿ, ಬೆರಳಿನ ತುದಿಗೆ ತಾಗಿಕೊಂಡೇ ಗಾಜಿನ ಮುಂಮೈಯ ಒಂದು ತೆಳುವಾದ ಎರಡನೇ ಬಿಂಬವನ್ನೂ ಹಾಕಿ, ಶೇ. 4ಕ್ಕಿಂತ ಗಾಢವಾಗದಂತೆ.